ನಿಮಗಿದು ಗೊತ್ತೇ? ಹಾಲಿನ ಮಾರುಕಟ್ಟೆಯ ಲೆಕ್ಕ ಬರೆಯುವ ಮುನ್ನ

ಶಿವಮೊಗ್ಗ ನಗರದಲ್ಲಿ ದಿನಕ್ಕೆ 300 ಲೀಟರ್ ಹಾಲು ಮಾರಬೇಕೆಂದಿರುವ ಒಂದು ಸಣ್ಣ ಡೇರಿ ಇದೆ ಎಂದಿಟ್ಟುಕೊಳ್ಳೋಣ. ಸುತ್ತಲಿನ ಹಳ್ಳಿಗಳ ರೈತರಿಂದ ಹಾಲು ಕೊಂಡು, ಪಾಶ್ಚರೀಕರಿಸಿ, ಅರ್ಧ ಲೀಟರಿನ ಪ್ಯಾಕೆಟ್ ಮಾಡಿ ಮನೆಮನೆಗೆ ವರ್ತನೆಯಾಗಿ ಹಾಕುವ ಉದ್ಯಮ ಇದು. ಬ್ಯಾಂಕಿಗೆ ಕೊಡುವ ಯೋಜನಾ ವರದಿಯಲ್ಲಿ ಯಂತ್ರದ ಬೆಲೆ, ಶೆಡ್ಡಿನ ಖರ್ಚು ಬರೆಯುವುದು ಸುಲಭ, ಕೊಟೇಷನ್ ತರಿಸಿದರೆ ಆಯಿತು. ಎಡವುವುದು ‘ಮಾರುಕಟ್ಟೆ ವಿಶ್ಲೇಷಣೆ’ ಎಂಬ ಅಧ್ಯಾಯದಲ್ಲಿ. ಅದಕ್ಕೆ ಬೇಕಾದ ಅಂಕಿಅಂಶಗಳೆಲ್ಲ ಬಹುಮಟ್ಟಿಗೆ ಪುಕ್ಕಟೆಯಾಗಿಯೇ ಸಿಗುತ್ತವೆ. ಆದರೆ ಯಾವ ಅಂಕಿ ಯಾವುದನ್ನು ಅಳೆದದ್ದು ಎಂದು ನೋಡದೆ ಎತ್ತಿಕೊಂಡರೆ ಇಡೀ ಲೆಕ್ಕ ದಿಕ್ಕು ತಪ್ಪುತ್ತದೆ.

ಒಬ್ಬರಿಗೆ ದಿನಕ್ಕೆ 471 ಗ್ರಾಂ ಹಾಲು ಎಂಬ ಅಂಕಿ, ಜನ ಕುಡಿಯುವ ಹಾಲಿನ ಅಳತೆಯಲ್ಲ, ಗೊತ್ತೇ?

ಕೇಂದ್ರ ಪಶುಸಂಗೋಪನಾ ಇಲಾಖೆ ಪ್ರತಿವರ್ಷ ‘ಮೂಲ ಪಶುಸಂಗೋಪನಾ ಅಂಕಿಅಂಶಗಳು’ ಎಂಬ ವರದಿ ಹೊರತರುತ್ತದೆ. ಅದರ ಪ್ರಕಾರ 2023–24ರಲ್ಲಿ ದೇಶದ ಹಾಲಿನ ಉತ್ಪಾದನೆ 23.93 ಕೋಟಿ ಟನ್, ತಲಾ ಲಭ್ಯತೆ ದಿನಕ್ಕೆ 471 ಗ್ರಾಂ. ಹೆಚ್ಚಿನ ಯೋಜನಾ ವರದಿಗಳು ಶುರುವಾಗುವುದೇ ಈ ಸಾಲಿನಿಂದ. ಆದರೆ ಲಭ್ಯತೆ ಎಂದರೆ ಒಟ್ಟು ಉತ್ಪಾದನೆಯನ್ನು ಜನಸಂಖ್ಯೆಯಿಂದ ಭಾಗಿಸಿದ್ದು ಅಷ್ಟೆ. ತುಪ್ಪಕ್ಕೆ ಹೋದದ್ದು, ಸಿಹಿತಿಂಡಿ ಅಂಗಡಿಗೆ ಹೋದದ್ದು, ಹಾಲಿನ ಪುಡಿಯಾದದ್ದು, ಹೋಟೆಲಿನ ಕಾಫಿಗೆ ಬಿದ್ದದ್ದು, ರೈತನ ಮನೆಯಲ್ಲೇ ಖರ್ಚಾದದ್ದು, ಎಲ್ಲವೂ ಅದರೊಳಗಿದೆ.

ಮನೆಗಳಲ್ಲಿ ನಿಜವಾಗಿ ಎಷ್ಟು ಹಾಲು ಬಳಕೆಯಾಗುತ್ತದೆ ಎಂಬುದನ್ನು ಬೇರೆ ಸಮೀಕ್ಷೆ ಅಳೆಯುತ್ತದೆ. ಕೇಂದ್ರ ಸಾಂಖ್ಯಿಕ ಸಚಿವಾಲಯದ ಗೃಹ ಬಳಕೆ ವೆಚ್ಚ ಸಮೀಕ್ಷೆಯವರು ಮನೆಮನೆಗೆ ಹೋಗಿ, ಏನು ತಂದಿರಿ, ಎಷ್ಟು ತಂದಿರಿ, ಎಷ್ಟು ಕೊಟ್ಟಿರಿ ಎಂದು ಕೇಳಿ ಬರೆದುಕೊಳ್ಳುತ್ತಾರೆ. ಒಂದೇ ವರ್ಷದ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 2011–12ರಲ್ಲಿ ತಲಾ ಲಭ್ಯತೆ ದಿನಕ್ಕೆ ಸುಮಾರು 290 ಗ್ರಾಂ ಇತ್ತು. ತಿಂಗಳಿಗೆ ಹೆಚ್ಚುಕಡಿಮೆ 8.7 ಕಿಲೋ. ಅದೇ ವರ್ಷದ ಸಮೀಕ್ಷೆಯಲ್ಲಿ ಕಂಡ ದ್ರವ ಹಾಲಿನ ಬಳಕೆ ತಿಂಗಳಿಗೆ ಹಳ್ಳಿಯಲ್ಲಿ 4.33 ಲೀಟರ್, ನಗರದಲ್ಲಿ 5.42 ಲೀಟರ್. ನಗರದವರಾದರೂ ‘ಲಭ್ಯ’ ಹಾಲಿನ ಮೂರರಲ್ಲಿ ಎರಡು ಪಾಲನ್ನೂ ಹಾಲಾಗಿ ಮನೆಗೆ ತಂದಿರಲಿಲ್ಲ.

ನಮ್ಮ ಡೇರಿಯ ಲೆಕ್ಕಕ್ಕೆ ಇದನ್ನು ತನ್ನಿ. ಶಿವಮೊಗ್ಗದಲ್ಲಿ ಈಗ ಸುಮಾರು 4.1 ಲಕ್ಷ ಜನರಿದ್ದಾರೆಂದು ಹಿಡಿಯೋಣ. ಈ ಅಂದಾಜು ಎಲ್ಲಿಂದ ಬಂತೆಂದು ಮುಂದೆ ಹೇಳುತ್ತೇನೆ. 471 ಗ್ರಾಂ ಲೆಕ್ಕದಲ್ಲಿ ನಗರದ ಬೇಡಿಕೆ ದಿನಕ್ಕೆ 1.9 ಲಕ್ಷ ಕಿಲೋ ದಾಟುತ್ತದೆ. ತಿಂಗಳಿಗೆ 5.42 ಲೀಟರ್ ಲೆಕ್ಕದಲ್ಲಿ ದಿನಕ್ಕೆ 74 ಸಾವಿರ ಲೀಟರ್. ಊರು ಅದೇ, ಜನ ಅದೇ, ಉತ್ತರದಲ್ಲಿ ಎರಡೂವರೆ ಪಟ್ಟಿಗೂ ಮೀರಿದ ಅಂತರ! 5.42 ಎಂಬುದು ಹಳೆಯ ಅಂಕಿ, ಅಖಿಲ ಭಾರತದ್ದು, ನಿಜ. ಇದೇ ಸಮೀಕ್ಷೆ 2022–23 ಮತ್ತು 2023–24ರಲ್ಲಿ ಮತ್ತೆ ನಡೆದಿದೆ. mospi.gov.in ತಾಣದಲ್ಲಿ ಅದರ ವರದಿ, ದತ್ತಾಂಶ ಸಿಗುತ್ತವೆ; ಕರ್ನಾಟಕದ ನಗರ ಪ್ರದೇಶದ ಅಂಕಿಯನ್ನು ಅಲ್ಲಿಂದ ತೆಗೆದು ಲೆಕ್ಕವನ್ನು ಹೊಸದಾಗಿ ಮಾಡಿ. ಪ್ಯಾಕೆಟ್ ಹಾಲು ಮಾರುವವರಿಗೆ ಆಧಾರವಾಗಬೇಕಾದ್ದು ಈ ಸಮೀಕ್ಷೆಯೇ ಹೊರತು ಲಭ್ಯತೆಯ ಅಂಕಿಯಲ್ಲ.

ಹೋಟೆಲಿನಲ್ಲಿ ಕುಡಿದ ಕಾಫಿ ಈ ಸಮೀಕ್ಷೆಯಲ್ಲಿ ಹಾಲಿನ ಲೆಕ್ಕಕ್ಕೆ ಸೇರುವುದಿಲ್ಲ.

ಅದು ಪಾನೀಯ, ಉಪಾಹಾರ, ಸಂಸ್ಕರಿತ ಆಹಾರದ ಗುಂಪಿಗೆ ಹೋಗುತ್ತದೆ. ಹಾಗಾಗಿ ದರ್ಶಿನಿಗಳಿಗೋ ಕ್ಯಾಂಟೀನ್‌ಗಳಿಗೋ ಹಾಲು ಹಾಕುವ ಯೋಚನೆಯಿದ್ದರೆ ಅದರ ಅಂದಾಜನ್ನು ನೀವೇ ಬೇರೆಯಾಗಿ ಮಾಡಬೇಕು. ಹತ್ತಾರು ಹೋಟೆಲುಗಳಲ್ಲಿ ದಿನಕ್ಕೆ ಎಷ್ಟು ಲೀಟರ್ ತರಿಸುತ್ತೀರಿ, ಯಾವ ಹಾಲು, ಉದ್ದರಿ ಎಷ್ಟು ದಿನದ್ದು ಎಂದು ಕೇಳಿ ಬರೆದುಕೊಳ್ಳುವುದೇ ಇದಕ್ಕಿರುವ ದಾರಿ. ಉದ್ದರಿಯ ಪ್ರಶ್ನೆಯನ್ನು ಬಿಡಬೇಡಿ. ತಿಂಗಳ ಕೊನೆಗೆ ಹಣ ಕೊಡುವ ಹೋಟೆಲು, ವಾರಕ್ಕೊಮ್ಮೆ ಹಣ ಕೇಳುವ ರೈತ, ಇವರ ನಡುವೆ ಸಣ್ಣ ಡೇರಿ ಸಿಕ್ಕಿಕೊಳ್ಳುತ್ತದೆ.

ಇನ್ನೊಂದು ವಿಷಯ. ಕೊಂಡ ಹಾಲು ಬೇರೆ, ಮನೆಯ ಹಸುವಿನಿಂದ ಕರೆದ ಹಾಲು ಬೇರೆ ಎಂದು ಸಮೀಕ್ಷೆ ಗುರುತಿಸುತ್ತದೆ. ತಾಲ್ಲೂಕಿನ ಹಳ್ಳಿಗಳನ್ನೂ ನಿಮ್ಮ ಮಾರುಕಟ್ಟೆಗೆ ಸೇರಿಸಿಕೊಳ್ಳುವುದಾದರೆ ಕೊಂಡ ಹಾಲಿನ ಪಾಲನ್ನು ಮಾತ್ರ ಹಿಡಿಯಿರಿ. ಕೊಟ್ಟಿಗೆಯಲ್ಲಿ ಹಸು ಇರುವವರು ನಿಮ್ಮ ಪ್ಯಾಕೆಟ್ ಕೊಳ್ಳುವುದಿಲ್ಲ.

ಲೀಟರ್ ಲೆಕ್ಕ ಸರಿಯಿದೆಯೇ ಎಂದು ನೋಡಲು ಹಣದ ಲೆಕ್ಕವನ್ನೂ ಮಾಡಬಹುದು. 2022–23ರ ಸಮೀಕ್ಷೆಯಲ್ಲಿ ದೇಶದ ನಗರವಾಸಿಯೊಬ್ಬರು ಹಾಲು ಮತ್ತು ಹಾಲಿನ ಪದಾರ್ಥಗಳಿಗೆ ತಿಂಗಳಿಗೆ ಸರಾಸರಿ 466 ರೂಪಾಯಿ ಖರ್ಚು ಮಾಡಿದ್ದರು. 4.1 ಲಕ್ಷ ಜನಕ್ಕೆ ಇದು ತಿಂಗಳಿಗೆ 19 ಕೋಟಿ ರೂಪಾಯಿ. ಆದರೆ ತುಪ್ಪ, ಬೆಣ್ಣೆ, ಮೊಸರು, ಐಸ್‌ಕ್ರೀಮ್ ಎಲ್ಲವೂ ಇದರಲ್ಲಿ ಸೇರಿರುತ್ತವೆ. ಹಾಲನ್ನಷ್ಟೇ ಮಾರುವ ಡೇರಿ 19 ಕೋಟಿಯನ್ನೂ ತನ್ನ ಮಾರುಕಟ್ಟೆ ಎಂದು ಬರೆದುಕೊಳ್ಳುವಂತಿಲ್ಲ.

ನಿಮ್ಮ ಊರಿನ ಜನಗಣತಿ ಅಂಕಿಗೆ ಹದಿನೈದು ವರ್ಷ ತುಂಬುತ್ತಿದೆ, ಗೊತ್ತೇ?

2021ರ ಜನಗಣತಿ ನಡೆಯಲಿಲ್ಲ. ಮುಂದಿನದರ ಉಲ್ಲೇಖ ದಿನಾಂಕ 2027ರ ಮಾರ್ಚ್ 1. ಅಲ್ಲಿಯ ತನಕ 2011ರ ಅಂಕಿಯನ್ನೇ ಬೆಳೆಸಿಕೊಳ್ಳಬೇಕು. ಶಿವಮೊಗ್ಗದ ಜನಸಂಖ್ಯೆ 2001ರಲ್ಲಿ ಸುಮಾರು 2.74 ಲಕ್ಷ, 2011ರಲ್ಲಿ 3.22 ಲಕ್ಷ. ಹತ್ತು ವರ್ಷದಲ್ಲಿ ಸುಮಾರು ಶೇ 17.6ರ ಏರಿಕೆ. ಅದೇ ವೇಗದಲ್ಲಿ ಇನ್ನು ಹದಿನೈದು ವರ್ಷ ನಡೆಸಿದರೆ ಮೇಲೆ ಹೇಳಿದ 4.1 ಲಕ್ಷ ಬರುತ್ತದೆ. ಬಂದ ದಾರಿಯನ್ನು ವರದಿಯಲ್ಲಿ ಎರಡು ಸಾಲಿನಲ್ಲಿ ಬರೆಯಿರಿ. ಸಾಲದ ಅಧಿಕಾರಿಗೆ ಅಂಕಿಯಷ್ಟೇ ಮುಖ್ಯ ಅದು ಹುಟ್ಟಿದ ರೀತಿ. ಊರಿನ ಹೊರಗೆ ಎದ್ದ ಹೊಸ ಬಡಾವಣೆಗಳು 2011ರ ವಾರ್ಡ್ ಪಟ್ಟಿಯಲ್ಲಿ ಖಾಲಿ ಜಮೀನಾಗಿಯೇ ಇರುತ್ತವೆ. ಅಂಥ ಕಡೆ ಹೋಗಿ ಮನೆ ಎಣಿಸುವುದೊಂದೇ ಉಪಾಯ.

‘ಬರೀ ಒಂದು ಪರ್ಸೆಂಟ್ ಸಿಕ್ಕರೆ ಸಾಕು’ ಎಂಬ ಮಾತಿನಲ್ಲಿರುವ ದೋಷ ಯಾವುದು?

ಮನೆಗೆ ಅರ್ಧ ಲೀಟರಿನಂತೆ 300 ಲೀಟರ್ ಹಾಲಿಗೆ 600 ಮನೆ ಬೇಕು. ಮನೆಗೆ ನಾಲ್ಕು ಜನರಂತೆ ನಗರದಲ್ಲಿ ಸುಮಾರು ಒಂದು ಲಕ್ಷ ಮನೆಗಳಿವೆ ಎಂದರೆ, 600 ಮನೆ ಎಂಬುದು ನೂರಕ್ಕೆ ಒಂದೂ ಅಲ್ಲ. ಕಾಗದದ ಮೇಲೆ ಇದಕ್ಕಿಂತ ಸುಲಭದ ಗುರಿಯಿಲ್ಲ.

ಈಗ ಬೆಳಗಿನ ಹಾಲು ಹಾಕುವ ಹುಡುಗನ ಲೆಕ್ಕಕ್ಕೆ ಬನ್ನಿ. ಹಾಲು ಮನೆ ತಲುಪಬೇಕಾದ್ದು ಐದೂವರೆಯಿಂದ ಏಳೂವರೆಯೊಳಗೆ. ಹೊತ್ತು ಮೀರಿದರೆ ಗೃಹಿಣಿ ಬೂತಿನಿಂದ ತರಿಸಿಕೊಂಡಿರುತ್ತಾರೆ. ಒತ್ತೊತ್ತಾಗಿ ಮನೆಗಳಿರುವ ಬೀದಿಯಲ್ಲಿ ನಿಮಿಷಕ್ಕೊಂದು ಮನೆ ಮುಗಿಸಿದರೆ ಒಬ್ಬ ಹುಡುಗ 120 ಮನೆ ಮುಗಿಸಬಲ್ಲ; 600 ಮನೆಗೆ ಐದು ಹುಡುಗರು ಸಾಕು. ಆ 600 ಮನೆ ಊರೆಲ್ಲ ಚದುರಿಹೋಗಿ, ಒಂದರಿಂದ ಇನ್ನೊಂದಕ್ಕೆ ಹೋಗಲು ಮೂರು ನಿಮಿಷ ಹಿಡಿದರೆ ಒಬ್ಬನಿಗೆ 40 ಮನೆ ಮಾತ್ರ. ಆಗ ಬೇಕಾದವರು ಹದಿನೈದು ಜನ, ಹದಿನೈದು ಗಾಡಿ. ಹಾಲಿನಲ್ಲಿ ಸಿಗುವ ಲಾಭ ಪೆಟ್ರೋಲು, ಸಂಬಳಗಳಲ್ಲೇ ಕರಗುತ್ತದೆ.

ಆದ್ದರಿಂದ ಸಣ್ಣ ಡೇರಿ ಒಂದೆರಡು ಬಡಾವಣೆಗಳಲ್ಲೇ ನೆಲೆಯೂರಬೇಕು. ವಿನೋಬನಗರ, ಗೋಪಾಳಗಳಂಥ ಎರಡು ಕಡೆ ಸೇರಿ ನಿಮ್ಮ ಗಾಡಿ ಸುಲಭವಾಗಿ ಮುಟ್ಟುವ 5,000 ಮನೆ ಇವೆ ಎಂದು ಹಿಡಿಯಿರಿ. 600 ಎಂದರೆ ಅದರಲ್ಲಿ ಶೇ 12, ಎಂಟು ಮನೆಗೆ ಒಂದು ಮನೆ. ಊರ ಲೆಕ್ಕದಲ್ಲಿ ಶೇ 0.6 ಆಗಿದ್ದ ಗುರಿ ಬೀದಿಯ ಲೆಕ್ಕದಲ್ಲಿ ಇಪ್ಪತ್ತು ಪಟ್ಟು ಭಾರವಾಯಿತು. ಒಟ್ಟು ಮಾರುಕಟ್ಟೆ, ಮುಟ್ಟಬಲ್ಲ ಮಾರುಕಟ್ಟೆ, ದಕ್ಕುವ ಪಾಲು ಎಂದು ಮೂರು ಮೆಟ್ಟಿಲು ಬರೆಯುವ ಪದ್ಧತಿ ಇದೆಯಲ್ಲ, ಅದರ ಎರಡನೆಯ ಮೆಟ್ಟಿಲೆಂದರೆ ಈ 5,000 ಮನೆಗಳು. 2011ರ ಜನಗಣತಿಯಲ್ಲಿ ವಾರ್ಡ್‌ವಾರು ಮನೆಗಳ ಸಂಖ್ಯೆ ಸಿಗುತ್ತದೆ. ಅದನ್ನು ಆಧಾರವಾಗಿಟ್ಟುಕೊಂಡು, ಮೇಲೆ ನಿಮ್ಮ ಎಣಿಕೆ ಸೇರಿಸಿ.

ರೈತನಿಗೆ ನೀವು ಕೊಡಬೇಕಾದ ದರವನ್ನು ಸರ್ಕಾರದ ಐದು ರೂಪಾಯಿ ನಿರ್ಧರಿಸುತ್ತದೆ, ಗೊತ್ತೇ?

ಕರ್ನಾಟಕದಲ್ಲಿ ಹೊಸ ಡೇರಿ ಹಾಕುವವರಿಗೆ ಇದಕ್ಕಿಂತ ಮುಖ್ಯವಾದ ಮಾತಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಸಹಕಾರ ಸಂಘಕ್ಕೆ ಹಾಲು ಹಾಕುವ ರೈತನಿಗೆ ಒಕ್ಕೂಟ ಕೊಡುವ ದರದ ಮೇಲೆ ರಾಜ್ಯ ಸರ್ಕಾರ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಕೊಡುತ್ತದೆ. ಖಾಸಗಿ ಡೇರಿಗೆ ಹಾಕಿದ ಹಾಲಿಗೆ ಅದು ಇಲ್ಲ. ಒಕ್ಕೂಟದ ದರ 35 ರೂಪಾಯಿ ಇದೆ ಎಂದುಕೊಳ್ಳಿ (ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಗೆ ಸೇರಿದ ಶಿಮುಲ್‌ನ ಈ ಹೊತ್ತಿನ ದರವನ್ನು ಹಳ್ಳಿಯ ಸಂಘದಲ್ಲೇ ಕೇಳಿ ಬರೆಯಿರಿ). ರೈತನ ಕೈಗೆ ಸಿಗುವುದು 40. ನೀವು 37 ಕೊಟ್ಟು ‘ಒಕ್ಕೂಟಕ್ಕಿಂತ ಎರಡು ರೂಪಾಯಿ ಹೆಚ್ಚು’ ಎಂದರೆ ರೈತನಿಗೆ ಲೀಟರಿಗೆ ಮೂರು ರೂಪಾಯಿ ನಷ್ಟ. ವರ್ಷಾಂತ್ಯದ ಬೋನಸ್ಸು, ಪಶು ಆಹಾರ, ಪಶುವೈದ್ಯರ ಸೇವೆ, ಇವೂ ಸಂಘದ ಕಡೆಗೇ ವಾಲುತ್ತವೆ.

ಇನ್ನೊಂದು ತುದಿಯಲ್ಲಿ, ಗ್ರಾಹಕ ಹೋಲಿಸುವುದು ನಂದಿನಿಯ ಪ್ಯಾಕೆಟ್ಟಿನ ಮೇಲಿನ ದರದೊಂದಿಗೆ. ಆ ದರ ಬೇರೆ ರಾಜ್ಯಗಳ ಸಹಕಾರಿ ಹಾಲಿನ ದರಗಳಿಗಿಂತ ಬಹುಕಾಲದಿಂದ ಕಡಿಮೆಯೇ. ಮುಂಬೈ, ಹೈದರಾಬಾದಿನ ಸರಾಸರಿ ಬೆಲೆ ಹಾಕಿ ಆದಾಯ ತೋರಿಸಿದ ವರದಿಗೆ ಇಲ್ಲಿ ಬೆಲೆಯಿಲ್ಲ. ಮೇಲಿನ ಬೆಲೆ, ಕೆಳಗಿನ ಬೆಲೆ ಎರಡನ್ನೂ ಬೇರೆಯವರು ಗೊತ್ತುಮಾಡಿಟ್ಟಿದ್ದಾರೆ. ಸಾಗಣೆ, ತಂಪು, ಪ್ಯಾಕಿಂಗ್, ಹಂಚಿಕೆ, ಬಡ್ಡಿ ಎಲ್ಲವೂ ಆ ಅಂತರದೊಳಗೇ ಮುಗಿಯಬೇಕು. ಮುಗಿಯದಿದ್ದರೆ ಗ್ರಾಹಕ ಹೆಚ್ಚು ಬೆಲೆ ಏಕೆ ಕೊಡುತ್ತಾನೆಂಬುದನ್ನು ವರದಿಯೇ ಹೇಳಬೇಕು.

ಸಣ್ಣ ಡೇರಿಗೆ ಇರುವ ಅನುಕೂಲವೂ ಇಲ್ಲೇ ಇದೆ. ಪ್ರೋತ್ಸಾಹಧನ ತಡವಾಗಿ ಖಾತೆಗೆ ಬೀಳುವುದುಂಟು. ವಾರವಾರ ತಪ್ಪದೆ ಪೂರ್ತಿ ಹಣ ಕೊಡುವವರಿಗೆ ರೈತರು ಒಂದು ರೂಪಾಯಿ ಕಡಿಮೆಗೂ ಒಪ್ಪಬಹುದು. ಎಷ್ಟು ಜನ ಒಪ್ಪುತ್ತಾರೆ ಎಂಬುದನ್ನು ಊಹಿಸಬೇಡಿ, ಹಳ್ಳಿಗೆ ಹೋಗಿ ಕೇಳಿ.

ಹಸು ಇದೆ ಎಂದರೆ ಹಾಲು ಸಿಗುತ್ತದೆ ಎಂದಲ್ಲ.

ಜಾನುವಾರು ಗಣತಿಯಲ್ಲಿ ಊರೂರಿನ ಮಿಶ್ರತಳಿ, ನಾಟಿ ಹಸು, ಎಮ್ಮೆಗಳ ಲೆಕ್ಕ ಇರುತ್ತದೆ. ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ವಿಚಾರಿಸಬಹುದು. 20ನೆಯ ಗಣತಿ ನಡೆದದ್ದು 2019ರಲ್ಲಿ. 2022ರಲ್ಲಿ ಚರ್ಮಗಂಟು ರೋಗ ಬಂದು ರಾಜ್ಯದಲ್ಲಿ ಸಾವಿರಾರು ದನಗಳು ಸತ್ತದ್ದು ಆ ಅಂಕಿಯಲ್ಲಿಲ್ಲ. ಜೊತೆಗೆ ಕರುಹಾಕದ ಪಡ್ಡೆಗಳೂ, ಬತ್ತಿದ ಹಸುಗಳೂ ಒಟ್ಟು ಸಂಖ್ಯೆಯಲ್ಲಿ ಸೇರಿರುತ್ತವೆ. ‘ಹಾಲು ಕೊಡುತ್ತಿರುವವು’ ಎಂಬ ಕಾಲಂ ಬೇರೆಯೇ ಇದೆ, ಅದನ್ನು ನೋಡಿ.

ಒಂದು ಊರಲ್ಲಿ ಕರೆಯುವ ಹಸು 55 ಇವೆ, ಸರಾಸರಿ ಏಳು ಲೀಟರ್ ಕೊಡುತ್ತವೆ ಎಂದರೆ ದಿನಕ್ಕೆ 385 ಲೀಟರ್. ಇನ್ನು ಸಂಘದ ಕಾರ್ಯದರ್ಶಿಯ ಬಳಿ ಕುಳಿತು, ಬೆಳಿಗ್ಗೆ ಸಂಜೆ ಸೇರಿ ಎಷ್ಟು ಹಾಲು ಬರುತ್ತದೆಂದು ಕೇಳಿ. 320 ಎಂದರೆ, ಮನೆಬಳಕೆ ಕಳೆದು ಆ ಊರಲ್ಲಿ ನಿಮಗೆ ಸಿಗುವ ಹಾಲು ಹೆಚ್ಚೇನೂ ಇಲ್ಲ. ಸಿಗಬೇಕಾದರೆ ಸಂಘದಿಂದ ಸೆಳೆಯಬೇಕು, ಅದಕ್ಕೆ ಮೇಲಿನ ದರದ ಲೆಕ್ಕ ಅನ್ವಯಿಸುತ್ತದೆ. 200 ಎಂದರೆ ಉಳಿದದ್ದು ಎಲ್ಲಿಗೆ ಹೋಗುತ್ತಿದೆ ಎಂದು ಹುಡುಕಿ. ಹೋಟೆಲಿಗೋ, ಇನ್ನೊಂದು ಖಾಸಗಿ ಡೇರಿಗೋ ಹೋಗುತ್ತಿದ್ದರೆ ನಿಮ್ಮ ನಿಜವಾದ ಪೈಪೋಟಿ ಯಾರೆಂದು ಅಲ್ಲಿ ಗೊತ್ತಾಗುತ್ತದೆ.

ಪಶುಸಂಗೋಪನಾ ಇಲಾಖೆಯ ಮಾದರಿ ಸಮೀಕ್ಷೆ ಬೇಸಿಗೆ, ಮಳೆಗಾಲ, ಚಳಿಗಾಲ ಎಂದು ಮೂರು ಭಾಗದಲ್ಲಿ ಉತ್ಪಾದನೆಯನ್ನು ಅಂದಾಜಿಸುತ್ತದೆ. ಹಸಿರು ಮೇವು ಕಡಿಮೆಯಾಗುವ ಬೇಸಿಗೆಯಲ್ಲಿ ಹಾಲು ಇಳಿಯುತ್ತದೆ, ಮೊಸರು ಮಜ್ಜಿಗೆಗೆ ಬೇಡಿಕೆ ಏರುತ್ತದೆ. ವರದಿಯಲ್ಲಿ ಹನ್ನೆರಡು ತಿಂಗಳಿಗೂ 300 ಎಂದು ಒಂದೇ ಅಂಕಿ ಬರೆದಿದ್ದರೆ, ಬರೆದವರು ಹಳ್ಳಿಗೆ ಹೋಗಿಲ್ಲವೆಂದು ತಿಳಿದವರಿಗೆ ಗೊತ್ತಾಗಿಬಿಡುತ್ತದೆ.

ಪ್ಯಾಕೆಟ್ಟಿನ ಮೇಲಿನ 14 ಅಂಕಿಗಳನ್ನು ಓದಲು ಬರುತ್ತದೆಯೇ?

ಆಹಾರ ಸುರಕ್ಷತಾ ಪ್ರಾಧಿಕಾರದ ಸಂಖ್ಯೆ ಅದು. ಮೊದಲ ಅಂಕಿ 1 ಇದ್ದರೆ ಪರವಾನಗಿ, 2 ಇದ್ದರೆ ಸಣ್ಣ ಉದ್ಯಮದ ನೋಂದಣಿ. ಮುಂದಿನ ಎರಡು ರಾಜ್ಯದ ಸಂಕೇತ, ಅದಾದ ಮೇಲಿನ ಎರಡು ವರ್ಷ. ಅಂಗಡಿಯಲ್ಲಿ ಸಿಗುವ ನಾಲ್ಕಾರು ಸ್ಥಳೀಯ ಬ್ರಾಂಡುಗಳ ಪ್ಯಾಕೆಟ್ ತಂದು ಓದಿದರೆ ಯಾರು ಹಳಬರು, ಯಾರು ಮೊನ್ನೆ ಬಂದವರು, ಯಾರು ನಿಮ್ಮಷ್ಟೇ ಚಿಕ್ಕವರು ಎಂಬುದು ತಿಳಿಯುತ್ತದೆ. ಪೈಪೋಟಿಯ ಪುಟಕ್ಕೆ ಬೇಕಾದ ಮೊದಲ ಪಟ್ಟಿ ಅಷ್ಟರಲ್ಲೇ ಸಿದ್ಧ.

‘ಶೇ 68ರಷ್ಟು ಹಾಲು ಕಲಬೆರಕೆ’ ಎಂದು ಬರೆಯುವ ಮುನ್ನ…

ಶುದ್ಧ ಹಾಲಿನ ಭರವಸೆ ಕೊಡುವ ಹೊಸ ಡೇರಿಗಳ ವರದಿಗಳಲ್ಲಿ ಈ ಸಾಲು ಕಾಣುತ್ತಲೇ ಇರುತ್ತದೆ. ಇದೇ ಪ್ರಾಧಿಕಾರದ 2011ರ ಸಮೀಕ್ಷೆಯಲ್ಲಿ 1,791 ಮಾದರಿಗಳ ಪೈಕಿ ಶೇ 68.4ರಷ್ಟು ನಿಗದಿತ ಗುಣಮಟ್ಟಕ್ಕೆ ಬರಲಿಲ್ಲ ಎಂದಿತ್ತು ನಿಜ. ಆದರೆ ನೀರು ಬೆರೆತು ಎಸ್‌ಎನ್‌ಎಫ್, ಅಂದರೆ ಜಿಡ್ಡೇತರ ಘನಾಂಶ ಕಡಿಮೆಯಾದ ಹಾಲೂ ಅದರಲ್ಲಿ ಸೇರಿತ್ತು. 2018ರ ದೊಡ್ಡ ಸಮೀಕ್ಷೆಯಲ್ಲಿ 6,432 ಮಾದರಿ ಪರೀಕ್ಷಿಸಿದಾಗ ಅಸುರಕ್ಷಿತವಾಗುವಂಥ ಕಲಬೆರಕೆ ಕಂಡದ್ದು 12ರಲ್ಲಿ. ಜಿಡ್ಡು, ಎಸ್‌ಎನ್‌ಎಫ್ ಮುಂತಾದ ಗುಣಮಟ್ಟದಲ್ಲಿ ಕೊರತೆಯಿದ್ದವು ಸುಮಾರು ಶೇ 41. ಹಾಗಾಗಿ ನಿಮ್ಮ ಹಾಲಿನ ಮೇಲ್ಮೆ ಜಿಡ್ಡು, ಎಸ್‌ಎನ್‌ಎಫ್‌ನಲ್ಲಿದ್ದರೆ ಅದನ್ನೇ ಅಂಕಿಯಲ್ಲಿ ಹೇಳಿ. ಹಸುವಿನ ಹಾಲಿಗೆ ಕಾನೂನು ಕೇಳುವುದು ಕನಿಷ್ಠ ಶೇ 3.2 ಜಿಡ್ಡು, 8.3 ಎಸ್‌ಎನ್‌ಎಫ್. ಅದಕ್ಕಿಂತ ಎಷ್ಟು ಮೇಲಿದ್ದೀರಿ ಎಂಬುದು ಪರೀಕ್ಷಿಸಬಲ್ಲ ಮಾತು.

ಎ2 ಹಾಲಿನ ಮೇಲೆ ಇಡೀ ಯೋಜನೆ ಕಟ್ಟುವವರು ಇದನ್ನೂ ನೆನಪಿಡಬೇಕು: 2024ರ ಆಗಸ್ಟ್‌ನಲ್ಲಿ ಪ್ರಾಧಿಕಾರ ಎ1, ಎ2 ಎಂಬ ಹೆಸರುಗಳನ್ನು ಪ್ಯಾಕೆಟ್ಟಿನಿಂದ ತೆಗೆಯಲು ಹೇಳಿ, ಕೆಲವೇ ದಿನಗಳಲ್ಲಿ ಆ ಆದೇಶವನ್ನು ಹಿಂದೆಗೆದುಕೊಂಡಿತು.

‘ಶುದ್ಧ ಹಾಲು ಮನೆಗೇ ಬಂದರೆ ಕೊಳ್ಳುತ್ತೀರಾ?’ ಇದು ಕೇಳಬಾರದ ಪ್ರಶ್ನೆ.

ಬೇಡ ಎನ್ನುವವರು ಯಾರಿದ್ದಾರೆ? ನಿನ್ನೆಯ ಸಂಗತಿ ಕೇಳಿ. ನಿನ್ನೆ ಎಷ್ಟು ಪ್ಯಾಕೆಟ್ ತಂದಿರಿ, ಯಾವ ಬಣ್ಣದ್ದು, ಯಾರು ಹೋಗಿ ತಂದರು, ಎಷ್ಟು ಕೊಟ್ಟರು, ಮೊಸರು ಕೊಂಡಿರೋ ಮನೆಯಲ್ಲೇ ಹೆಪ್ಪು ಹಾಕಿದಿರೋ. ಆಮೇಲೆ ಐವತ್ತು ಮನೆಗೆ ಹದಿನೈದು ದಿನದ ಕೂಪನ್ ಮುಂಗಡ ಹಣಕ್ಕೆ ಮಾರಿ ನೋಡಿ. ಹೂಂ ಎಂದವರಲ್ಲಿ ಎಷ್ಟು ಮಂದಿ ಹಣ ಕೊಟ್ಟರು, ಕೊಟ್ಟವರಲ್ಲಿ ಎಷ್ಟು ಮಂದಿ ಎರಡನೆಯ ಕೂಪನ್ ಕೊಂಡರು ಎಂಬ ಎರಡು ಅಂಕಿಗಳು ನೂರು ಪುಟದ ಮಾರುಕಟ್ಟೆ ವರದಿಗಿಂತ ಬೆಲೆಯುಳ್ಳವು. ಎಂಟು ಮನೆಗೆ ಒಂದು ಮನೆ ಎಂಬ ಗುರಿ ನಿಮಗೆ ದಕ್ಕುತ್ತದೆಯೋ ಇಲ್ಲವೋ ಎಂಬುದಕ್ಕೆ ಬೇರೆ ಸಾಕ್ಷಿ ಇಲ್ಲ.

ಎಲ್ಲಕ್ಕಿಂತ ಹತ್ತಿರದ ಮಾಹಿತಿ ನಿಮ್ಮ ಪಕ್ಕದ ಮನೆಯಲ್ಲೇ ಇರಬಹುದು, ಗೊತ್ತೇ?

ಹಾಲು ಒಕ್ಕೂಟಗಳು ವಾರ್ಷಿಕ ಮಹಾಸಭೆಗೆ ವಾರ್ಷಿಕ ವರದಿ ಅಚ್ಚು ಹಾಕಿಸುತ್ತವೆ. ದಿನಕ್ಕೆ ಎಷ್ಟು ಹಾಲು ಸಂಗ್ರಹವಾಯಿತು, ಎಷ್ಟು ಪ್ಯಾಕೆಟ್ಟಾಗಿ ಮಾರಾಟವಾಯಿತು, ಮೊಸರೆಷ್ಟು ಹೋಯಿತು, ಹಿಂದಿನ ವರ್ಷಕ್ಕಿಂತ ಏರಿತೋ ಇಳಿಯಿತೋ ಎಂಬುದನ್ನೆಲ್ಲ ಅದರಲ್ಲಿ ನೋಡಬಹುದು. ನಿಮ್ಮದೇ ಸೀಮೆಯ, ನಿಜವಾಗಿ ಮಾರಾಟವಾದ ಹಾಲಿನ ಅಂಕಿ ಅದು. ಸಂಗ್ರಹ ಏರುತ್ತಿದ್ದು ಹಾಲಿನ ಮಾರಾಟ ನಿಂತಲ್ಲೇ ನಿಂತಿದ್ದರೆ ಊರಿಗೆ ಇನ್ನೊಂದು ಪ್ಯಾಕೆಟ್ ಹಾಲು ಬೇಕಿಲ್ಲ ಎಂಬ ಸೂಚನೆ. ಮೊಸರಿನ ಮಾರಾಟ ವರ್ಷವರ್ಷ ಏರುತ್ತಿದ್ದರೆ ನಿಮ್ಮ 300 ಲೀಟರಿನಲ್ಲಿ ಅರ್ಧವನ್ನು ಮೊಸರು ಮಾಡುವುದೇ ಸರಿ. ಊರಿನ ಸಂಘದ ಅಧ್ಯಕ್ಷರನ್ನೋ ಕಾರ್ಯದರ್ಶಿಯನ್ನೋ ಕಂಡು ಕಳೆದ ಮೂರು ವರ್ಷದ ವರದಿಗಳನ್ನು ಕೇಳಿ ಪಡೆಯಿರಿ. ಯೋಜನಾ ವರದಿಯ ಮೊದಲ ಸಾಲು ಬರೆಯುವುದು ಅದನ್ನು ಓದಿದ ಮೇಲಾಗಲಿ.